ಒಂದೇ ಸುರುಳಿಯ ಎರಡು ಹಗ್ಗ

ಹಗ್ಗದ ವಿಷಯದಲ್ಲಿ ನನಗೆ ಇವತ್ತಿಗೂ ತಲೆ ಕೆಡುತ್ತದೆ. ಅಂಗಡಿಯವನು ಯಾವುದು ಬೇಕು ಎಂದರೆ ಯಾತಕ್ಕೆ ಎಂದು ನನ್ನನ್ನೇ ಕೇಳಿಕೊಳ್ಳುತ್ತಾ ನಿಂತುಬಿಡುತ್ತೇನೆ. ಇದಕ್ಕೆಲ್ಲ ಕಾರಣ ಚಿನ್ನದ ಗಣಿಯ ಉರಿಗಾಂನಲ್ಲಿ, ಕಾರ್ಮಿಕರ ಸಾಲಿನ ನಮ್ಮ ಲೈನ್ ಮನೆಯ ಮುಂದೆ ಬಟ್ಟೆ ಒಣಹಾಕಲು ನೆಟ್ಟಿದ್ದ ಎರಡು ಕಬ್ಬಿಣದ ಕಂಬಗಳು.

ಅರವತ್ತರ ದಶಕದ ಕೊನೆ. ಅಪ್ಪ ಗಣಿಗೆ ಇಳಿಯುತ್ತಿದ್ದರು. ಅಮ್ಮ ಸಾಹೇಬರ ಬಂಗಲೆಯೊಂದರ ಬಟ್ಟೆ ಒಗೆಯುತ್ತಿದ್ದಳು. ಎಲ್ಲಾ ಬಿಳಿ ದುಪ್ಪಟಿ, ಮೇಜಿನ ಬಟ್ಟೆ. ಆ ಕೆಲಸ ಅವಳದೇ, ಯಾರೂ ಕೊಡಿಸಿದ್ದಲ್ಲ, ಅದರ ಬಗ್ಗೆ ಅವಳಿಗೆ ಜಂಬವಿತ್ತು. ಒಂದು ಸಲ ದುಪ್ಪಟಿಗಳ ಮೇಲೆ ಕಂದು ಗೆರೆ ಬಿದ್ದು ಹೋದಾಗ, ಇನ್ನೊಂದು ಸಲ ಹೀಗಾದರೆ ಬಟ್ಟೆ ಬೇರೆ ಕಡೆ ಹೋಗುತ್ತದೆ ಎಂದು ಬಂಗಲೆಯ ಬಟ್ಲರ್ ಹೇಳಿ ಕಳಿಸಿದ. ತಪ್ಪು ನಮ್ಮ ಸೆಣಬಿನ ಹಗ್ಗದ್ದು. ಒದ್ದೆಯಾದರೆ ಬಣ್ಣ ಬಿಡುತ್ತಿತ್ತು, ಮಳೆಗಾಲಕ್ಕೆ ಕೊಳೆತು ವಾಸನೆ ಹೊಡೆಯುತ್ತಿತ್ತು.

ಬಂಗಾರಪೇಟೆ ಸಂತೆಯಲ್ಲಿ ಹಗ್ಗ ಮಾರುತ್ತಿದ್ದ ಸೋದರಮಾವ ಮರುವಾರವೇ ಬಂದ. ನೂಲಿನ ಹಗ್ಗ, ನೈಲಾನ್ ಹಗ್ಗ ಎರಡನ್ನೂ ಹಾಸಿದ. ಅಮ್ಮನ ಕೈ ನೂಲಿನದರ ಕಡೆಗೇ ಹೋಯಿತು. ಅಪ್ಪ ಒಪ್ಪಲಿಲ್ಲ. ಆಳುಗಳನ್ನು ಗಣಿಯೊಳಗೆ ಇಳಿಸುವ ಕಬ್ಬಿಣದ ಪಂಜರ, ಆ ಕೇಜಿನ ಹಗ್ಗಕ್ಕೆ ಜೀವ ಕಟ್ಟಿಕೊಂಡು ದಿನವೂ ಇಳಿಯುವವರ ಲೆಕ್ಕವೇ ಬೇರೆ: ಹೆಚ್ಚು ಭಾರ ತಡೆದದ್ದೇ ಒಳ್ಳೆಯ ಹಗ್ಗ. ಎರಡಕ್ಕೂ ಕಲ್ಲು ಕಟ್ಟಿ ತೂಗುಬಿಟ್ಟರು. ನೈಲಾನ್ ಗೆದ್ದಿತು. ಅಕ್ಕಪಕ್ಕದ ಮನೆಯವರೂ ನಿಂತು ತಲೆಯಾಡಿಸಿದರು.

ನೈಲಾನ್ ಹರಿಯಲೇ ಇಲ್ಲ, ತೊಂದರೆ ಬೇರೆಯೇ ಇತ್ತು. ಒದ್ದೆ ದುಪ್ಪಟಿ ಹಾಕಿದರೆ ಜಗ್ಗಿ ಜಗ್ಗಿ, ಅಂಚು ಹೋಗಿ ಚಿನ್ನ ತೆಗೆದ ಅದಿರಿನ ಪುಡಿ ಸುರಿದಿದ್ದ ಸೈನೈಡ್ ದಿಬ್ಬದಿಂದ ಹಾರಿ ಬರುವ ಬೂದುಪುಡಿಯ ನೆಲ ಮುಟ್ಟುತ್ತಿತ್ತು. ಬೆಳಿಗ್ಗೆ ಬಿಗಿಯುವುದು, ಮಧ್ಯಾಹ್ನ ಇಳಿಯುವುದು. ಗಂಟೂ ಜಾರುತ್ತಿತ್ತು. ಅಷ್ಟು ಗಟ್ಟಿಯದು ಇಷ್ಟು ಸಡಿಲ ಹೇಗೆ ಎಂದು ನನಗೆ ಅರ್ಥವಾಗಲಿಲ್ಲ. ಮಾವ ನಕ್ಕು, ಲಾರಿಯ ಸರಕು ಕಟ್ಟುವವರು ಆ ಜಗ್ಗುವಿಕೆಗೇ ಅದನ್ನು ಕೇಳುತ್ತಾರೆ, ಕುಲುಕಿದರೂ ಫಟ್ಟೆನ್ನುವುದಿಲ್ಲ ಎಂದ. ಅದನ್ನು ಸುತ್ತಿಕೊಂಡು ಹೋಗಿ, ಆಗಷ್ಟೇ ಬಂದಿದ್ದ ನೀಲಿ ಪ್ಲಾಸ್ಟಿಕ್ ಹಗ್ಗ ತಂದುಕೊಟ್ಟ. ಪಾಲಿಪ್ರೊಪಿಲೀನ್ ಎಂಬ ಹೆಸರನ್ನು ಯಾರೂ ಸರಿಯಾಗಿ ಹೇಳುತ್ತಿರಲಿಲ್ಲ. ನೀರು ಕುಡಿಯದು, ಬಣ್ಣ ಬಿಡದು, ಕೊಳೆಯದು. ಅದೇ ಸುರುಳಿಯ ಇನ್ನರ್ಧವನ್ನು ಮಾವ ತನ್ನ ಮನೆಯ ಬಾವಿಗೆ ಕಟ್ಟಿಕೊಂಡಿದ್ದ. ಬಾವಿಯ ನೀರಲ್ಲಿ ಅದು ತೇಲುತ್ತದೆ ಎಂದು ಹೇಳಿ ಎಲ್ಲರನ್ನೂ ಬೆರಗು ಮಾಡಿದ.

ಆ ವರ್ಷ ಅಮ್ಮ ಸುಖವಾಗಿದ್ದಳು. ಮರುವರ್ಷದ ಬೇಸಗೆಗೆ ಮಾತ್ರ ಹಗ್ಗ ಸವರಿದರೆ ಕೈಗೆ ನೀಲಿ ಪುಡಿ ಹತ್ತುತ್ತದೆ, ಚುಚ್ಚುತ್ತದೆ ಎಂದು ಗೊಣಗತೊಡಗಿದಳು. ಅಪ್ಪ ಈ ತುದಿಯಿಂದ ಆ ತುದಿಗೆ ನೋಡಿ, ಒಂದು ಎಳೆಯೂ ಕಿತ್ತಿಲ್ಲ, ಸರಿಯಾಗೈತೆ ಎಂದರು.

ಕೆಲವೇ ದಿನದಲ್ಲಿ ಗಾಳಿಯಿಲ್ಲದ ಒಂದು ಮಧ್ಯಾಹ್ನ, ಬಂಗಲೆಯ ದುಪ್ಪಟಿಗಳೆಲ್ಲ ಧೂಳಿನಲ್ಲಿ ಬಿದ್ದಿದ್ದವು. ನಡುವೆ ಹರಿದ ಹಗ್ಗ ಕಡ್ಡಿಯ ಹಾಗೆ ಮುರಿಯುತ್ತಿತ್ತು. ಅಮ್ಮ ಎಲ್ಲವನ್ನೂ ಮತ್ತೆ ಒಗೆಯಲು ಕೂತಳು. ನನಗೆ ಅಳು ಬಂತು. ಒದ್ದೆ ಬಟ್ಟೆಯನ್ನು ಮನೆಯೊಳಗೆ, ಪಕ್ಕದವರ ಬೇಲಿಯ ಮೇಲೆ, ಎಲ್ಲೆಂದರಲ್ಲಿ ಒಣಗಿಸಿ ಮಾರನೆಯ ದಿನ ಕೊಟ್ಟುಬಂದೆವು. ತಡವಾಯಿತು, ಆದರೆ ಕಲೆಯಿರಲಿಲ್ಲ. ಬಟ್ಲರ್ ಗೊಣಗಿದ, ಬಟ್ಟೆ ನಮ್ಮಲ್ಲೇ ಉಳಿಯಿತು.

ನನ್ನ ಮಾಲು ಕೆಟ್ಟದ್ದಲ್ಲ ಎಂದು ಸಿಟ್ಟಾದ ಮಾವ ತನ್ನ ಬಾವಿಯ ಹಗ್ಗವನ್ನೇ ಬಿಚ್ಚಿ ತಂದ. ಅಪ್ಪ, ಮಾವ ಎರಡು ಕಡೆ ಹಿಡಿದು ಎಳೆದರು. ಅಲುಗಲಿಲ್ಲ. ಬಾವಿಗೆ ಹೆಂಚಿನ ಚಾವಣಿಯಿತ್ತು, ಹಗ್ಗ ನೀರು ಕಂಡದ್ದೇ ಹೊರತು ಬಿಸಿಲು ಕಂಡಿರಲಿಲ್ಲ. ನಮ್ಮದು ನೆನೆದದ್ದಕ್ಕಲ್ಲ, ಬಿಸಿಲಿಗೆ ಸತ್ತಿತ್ತು.

ಅಮ್ಮ ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ನಮ್ಮದರ ಬಣ್ಣ ಸ್ವಲ್ಪ ಮಾಸಿತ್ತು ಎನ್ನುವುದು ಬಿಟ್ಟರೆ ಕಣ್ಣಿಗೆ ವ್ಯತ್ಯಾಸವಿರಲಿಲ್ಲ. ಆಮೇಲೆ ಅಪ್ಪನ ಕಡೆ ತಿರುಗಿದಳು.

“ನಿಮ್ ಕೇಜಿನ ಹಗ್ಗಾನ ದಿನಾ ನೋಡ್ತಾರಾ?”

“ದಿನಾ ನೋಡ್ತಾರೆ. ಆಗಾಗ ತುದಿ ಕತ್ತರಿಸಿ, ಎಳ್ದು, ಕಿತ್ಕೊಳ್ಳೋ ತಂಕ ಪರೀಕ್ಷೆನೂ ಮಾಡ್ತಾರೆ. ಅದು ಉಕ್ಕಿನ ತಂತಿ ಕಣೇ, ಇದಲ್ಲ.”

“ನೀವು ಇದ್ನೂ ನೋಡಿದ್ರಿ” ಎಂದಳು ಅಮ್ಮ.

ಅಪ್ಪ ಅವಳ ಕೈಯಿಂದ ನಮ್ಮ ಹಗ್ಗದ ತುಂಡು ತೆಗೆದುಕೊಂಡು ಮತ್ತೆ ಬೆರಳಲ್ಲಿ ಸವರಿ ನೋಡಿದರು.

ಕೊನೆಗೆ ನೂಲಿನ ಹಗ್ಗವೇ ಬಂತು. ಒದ್ದೆಯಾದರೆ ಅದು ಗಿಡ್ಡವಾಗುತ್ತದೆಂದು ಸ್ವಲ್ಪ ಸಡಿಲ ಕಟ್ಟಬೇಕು, ಬೂಷ್ಟು ಹಿಡಿಯದ ಹಾಗೆ ದಿನಾ ಬಿಚ್ಚಿ ಒಳಗಿಡಬೇಕು. ಮೆತ್ತಗಿತ್ತು, ಗಂಟು ನಿಲ್ಲುತ್ತಿತ್ತು. ಹಳೆಯ ಸೆಣಬು ಒಣ ಸೌದೆ ಹೊರೆ ಕಟ್ಟಲು ಹೋಯಿತು. ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ನಾನು ತಿಳಿದುಕೊಂಡೆ. ಆದರೆ ಅಪ್ಪ ಗಣಿಯಿಂದ ಮೇಲೆ ಬಂದು ಮನೆ ತಲುಪುವವರೆಗೆ, ಬಟ್ಟೆ ಎಲ್ಲಾ ಒಣಗಿ ಮಡಿಸಿಟ್ಟಿದ್ದರೂ, ಅಮ್ಮ ಆ ಹಗ್ಗ ಬಿಚ್ಚುತ್ತಿರಲಿಲ್ಲ. ಖಾಲಿ ಹಗ್ಗವನ್ನು ಹಿಡಿದುಕೊಂಡು, ಗಣಿಯ ದಾರಿ ನೋಡುತ್ತಾ ಕಂಬದ ಹತ್ತಿರ ನಿಂತಿರುತ್ತಿದ್ದಳು.