ಒಳಅಂಚಿನ ಇಪ್ಪತ್ತೆರಡು ಮಿಲಿಮೀಟರ್

ಪ್ರೆಸ್ಸಿನಲ್ಲಿ ಅವಳನ್ನು ಎಲ್ಲರೂ ಅಂಚಿನಕ್ಕ ಎನ್ನುತ್ತಾರೆ. ಅಕ್ಷರಗಳ ಸುತ್ತ ಎಷ್ಟು ಜಾಗ ಬಿಡಬೇಕು ಎಂಬ ಒಂದೇ ವಿಷಯಕ್ಕೆ ಇಪ್ಪತ್ತೆರಡು ವರ್ಷಗಳಿಂದ ಜಗಳ ಕಾಯುತ್ತ ಬಂದವಳಿಗೆ ಇನ್ನೇನು ಹೆಸರು ಬಂದೀತು? ಮನೆಯಲ್ಲಿ ಗಂಡನದೂ ಅದೇ ಕುಚೋದ್ಯ. "ಇವಳು ಚಾದರ ಹಾಸಿದರೂ ನಾಲ್ಕು ಕಡೆ ಅಂಚು ಬಿಡ್ತಾಳೆ ಕಣ್ರೀ, ಮಲಗೋನು ನಡುಮಧ್ಯೆ ಮಲಗಬೇಕು."

ಟೈಪಿಸ್ಟ್ ಆಗಿ ಸೇರಿದ ಮೊದಲ ವರ್ಷ ಅವಳಿಂದ ಒಂದು ಅನಾಹುತ ಆಗಿತ್ತು. ಕಂಪ್ಯೂಟರಿನಲ್ಲಿ ಮಾಸ್ಟರ್ ಪುಟ ಅಂತ ಒಂದಿರುತ್ತದೆ. ಅದರಲ್ಲಿ ಇಟ್ಟದ್ದು ಪುಸ್ತಕದ ಎಲ್ಲ ಪುಟಗಳಲ್ಲೂ ಕಾಣುತ್ತದೆ. ಪುಟಸಂಖ್ಯೆ ತಾನಾಗಿ ಬದಲಾಗುವ ಗುರುತನ್ನು ಅಲ್ಲಿ ಹಾಕಬೇಕಿತ್ತು. ಅವಳು ಬೆರಳಚ್ಚಿನಲ್ಲಿ ಹದಿನೇಳು ಎಂದು ಹೊಡೆದುಬಿಟ್ಟಳು. ಮುನ್ನೂರು ಪುಟದ ಪುಸ್ತಕ, ಮುನ್ನೂರೂ ಹದಿನೇಳನೆಯ ಪುಟ! ಕರಡಿನಲ್ಲೇ ಸಿಕ್ಕಿಬಿತ್ತು, ಪುಣ್ಯ. ಅಂದಿನಿಂದ ಅವಳು ಮಾಸ್ಟರ್ ಪುಟ ತೆರೆದಾಗ ಯಾರೂ ಮಾತಾಡಿಸುವಂತಿಲ್ಲ.

ಆ ಪ್ರೆಸ್ಸಿನಲ್ಲಿ ಹಳೆಯದೊಂದು ಕಟ್ಟಳೆ. ಹದಿನಾರು ಪುಟಕ್ಕೆ ಒಂದು ಫಾರಂ, ಅಂದರೆ ಎರಡೂ ಮಗ್ಗುಲು ಅಚ್ಚಾಗುವ ಒಂದು ದೊಡ್ಡ ಹಾಳೆ. ಪ್ರತಿ ಫಾರಮ್ಮಿನ ಕೊನೆಯ ಕರಡಿನ ಮೇಲೆ ಪುಟ ಕಟ್ಟುವ ಮೇಜಿನವರ ಹಸಿರು ಸಹಿ ಬೀಳದೆ ಪ್ಲೇಟ್ ಕೋಣೆಯವನು ಅಚ್ಚಿಗೆ ಬೇಕಾದ ಪ್ಲೇಟ್ ಮಾಡುವುದಿಲ್ಲ. ಯಜಮಾನರ ತಂದೆ ಹಾಕಿಟ್ಟ ನಿಯಮ, ಈಗ ಆ ಹಸಿರು ಪೆನ್ನು ಅಂಚಿನಕ್ಕನದು. ಯಜಮಾನರೇ ಬಂದು ನಿಂತರೂ ಪ್ಲೇಟಿನವನು "ಹಸಿರು ಎಲ್ಲಿ?" ಎನ್ನುತ್ತಾನೆ.

ಈ ಸಲದ ಪುಸ್ತಕ ಒಬ್ಬ ನಿವೃತ್ತ ನರ್ಸಿನದು. ಎಪ್ಪತ್ತೊಂದರ ವಯಸ್ಸಿಗೆ ಮೊದಲ ಕಥಾಸಂಕಲನ, ಹದಿನಾಲ್ಕು ಕಥೆ. ಎಲ್ಲರೂ ಆಕೆಯನ್ನು ಸಿಸ್ಟರ್ ಎಂದೇ ಕರೆಯುವುದು. ಅಂಚಿನಕ್ಕ ಪುಟದ ಒಳಅಂಚಿಗೆ, ಅಂದರೆ ಪುಸ್ತಕದ ಬೆನ್ನಿನ ಕಡೆಗೆ, ಇಪ್ಪತ್ತೆರಡು ಮಿಲಿಮೀಟರ್ ಬಿಟ್ಟಿದ್ದಳು, ಹೊರಅಂಚಿಗೆ ಹದಿನೈದು. ಎಲ್ಲ ಸೇರಿ ಇನ್ನೂರೆಂಟು ಪುಟ, ಸರಿಯಾಗಿ ಹದಿಮೂರು ಫಾರಂ.

ಸೋಮವಾರ ಬೆಳಿಗ್ಗೆ ಯಜಮಾನರು ಅವಳ ಮೇಜಿನ ಹತ್ತಿರ ಬಂದರು.

"ಅಮ್ಮಾ, ಕಾಗದ ಹನ್ನೆರಡು ಫಾರಮ್ಮಿಗೆ ಬಂದಿದೆ, ಸಾವಿರ ಪ್ರತಿ ಲೆಕ್ಕದಲ್ಲಿ. ಇದೇ ಜಾತಿಯ ಕಾಗದ ಇನ್ನೆರಡು ತಿಂಗಳು ಸಿಗಲ್ಲವಂತೆ. ಪುಸ್ತಕನ ನೂರತೊಂಬತ್ತೆರಡು ಪುಟಕ್ಕೆ ಇಳಿಸಿ."

"ಹೇಗೆ ಇಳಿಸಲಿ ಸಾರ್?"

"ಒಳಗಡೆ ಹದಿನಾಲ್ಕು ಮಾಡಿ, ಹೊರಗಡೆ ಹನ್ನೆರಡು. ಮಾಸ್ಟರಲ್ಲಿ ಎರಡು ಅಂಕಿ ಬದಲಾಯಿಸೋದು ತಾನೇ?"

"ಇದು ಅಂಟಿನ ಬೈಂಡಿಂಗು. ಅಂಟು ಹಿಡಿಯಲಿ ಅಂತ ಬೆನ್ನು ಕೆರೆಯುವಾಗಲೇ ಮೂರು ಮಿಲಿಮೀಟರ್ ಹೋಗುತ್ತೆ. ಉಳಿದದ್ದು ಪೂರ್ತಿ ಬಿಚ್ಚಿಕೊಳ್ಳಲ್ಲ. ಸಾಲಿನ ಕೊನೆ ಬೆನ್ನಿನ ಸಂದಿಗೆ ಬೀಳುತ್ತೆ."

"ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಮ್ಮಾ."

"ಹಾಸಿಗೆ ಗಿಡ್ಡ ಅಂತ ಕಾಲು ಕತ್ತರಿಸ್ತಾರಾ ಸಾರ್?"

ಪಕ್ಕದ ಮೇಜಿನ ಕರಡು ತಿದ್ದುವಾಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಯಜಮಾನರ ಮುಖ ಕೆಂಪಾಯಿತು. "ನಿಮ್ಮ ಕೈಲಿ ಆಗಲ್ಲ ಅಂದರೆ ನನ್ನ ಭಾವಮೈದ ಮಾಡ್ತಾನೆ. ನಾಳೆ ಮಧ್ಯಾಹ್ನ ಪ್ಲೇಟಿಗೆ ಹೋಗಬೇಕು. ಸಹಿ ಹಾಕೋದಕ್ಕಾದರೂ ಕೈ ಇದೆಯೋ ಇಲ್ಲವೋ ನೋಡ್ಕೊಳ್ಳಿ. ಇಲ್ಲದಿದ್ದರೆ ಈ ಕುರ್ಚಿಗೆ ಬೇರೆಯವರು ಸಿಗ್ತಾರೆ."

ಭಾವಮೈದ ಲೆಕ್ಕಪತ್ರ ನೋಡುವವನು. ಕಂಪ್ಯೂಟರ್ ಚೆನ್ನಾಗಿ ಬರುತ್ತದೆ ಎಂಬುದು ಅವನದೇ ಅಂಬೋಣ. ಸಂಜೆಯೊಳಗೆ ಪುಸ್ತಕವನ್ನು ನೂರತೊಂಬತ್ತೆರಡು ಪುಟಕ್ಕೆ ಇಳಿಸಿ, ಮರುದಿನ ಬೆಳಿಗ್ಗೆ ಹನ್ನೆರಡು ಫಾರಮ್ಮಿನ ಕರಡು ತಂದು ಅವಳ ಮೇಜಿನ ಮೇಲೆ ಧೊಪ್ಪನೆ ಇಟ್ಟ.

"ನೋಡಿ ಅಕ್ಕ, ಹತ್ತು ನಿಮಿಷದ ಕೆಲಸ. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ ಮಾಡ್ತೀರಲ್ಲ ನೀವು."

ಅವಳು ಒಂದು ಹಾಳೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಪುಟ ಸರಿಯಾಗಿ ಕಟ್ಟಿದ್ದರೆ ಹಾಳೆಯ ಈ ಮಗ್ಗುಲಿನ ಸಾಲುಗಳೂ ಆ ಮಗ್ಗುಲಿನ ಸಾಲುಗಳೂ ಒಂದೇ ಚೌಕದೊಳಗೆ ಕೂರುತ್ತವೆ. ಇಲ್ಲಿ ಹಿಂಬದಿಯ ಸಾಲುಗಳು ಮುಂಬದಿಯ ಚೌಕದಿಂದ ಎರಡೂ ಪಕ್ಕಕ್ಕೆ ಹೊರಚಾಚಿದ್ದವು, ಗಿಡ್ಡ ಅಂಗಿಯ ಕೆಳಗೆ ಬನಿಯನ್ ಇಣುಕಿದ ಹಾಗೆ.

"ಇದು ಕಥೆ ಶುರುವಾಗೋ ಪುಟ," ಎಂದಳು. "ಇದಕ್ಕೆ ಬೇರೆ ಮಾಸ್ಟರ್ ಇದೆ. ಮೇಲೆ ಪುಸ್ತಕದ ಹೆಸರು ಬರಲ್ಲ, ಸಂಖ್ಯೆ ಕೆಳಗೆ ನಡುವೆ ಇರುತ್ತೆ. ನೀವು ಒಂದು ಮಾಸ್ಟರ್ ಎಳೆದಿದ್ದೀರಿ, ಇದನ್ನ ಮುಟ್ಟೇ ಇಲ್ಲ. ಹದಿನಾಲ್ಕು ಕಥೆಯ ಮೊದಲ ಪುಟ ಹಳೇ ಅಳತೆ, ಉಳಿದದ್ದು ಹೊಸ ಅಳತೆ."

ಭಾವಮೈದ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದ. "ಅದನ್ನೂ ಎಳೆದರಾಯ್ತು, ಅದೇನು ಬ್ರಹ್ಮವಿದ್ಯೆಯೇ?"

"ಎಳೀರಿ. ಆಗಲೂ ಸಹಿ ಹಾಕಲ್ಲ."

ಕರಡಿನ ಕಟ್ಟನ್ನು ಎದೆಗವಚಿಕೊಂಡು ಅವಳು ಕೆಳಗೆ ಬೈಂಡಿಂಗ್ ಕೋಣೆಗೆ ಇಳಿದಳು. ಬೈಂಡರ್ ಮಾವ ಪೂರ್ತಿ ಪ್ರೆಸ್ಸಿಗೇ ಮಾವ. ಬೆರಳುಗಳ ಮೇಲೆಲ್ಲ ಒಣಗಿದ ಅಂಟು.

"ಮಾವ, ಇದನ್ನ ಪುಸ್ತಕ ಮಾಡಿಕೊಡಿ. ನಿಜವಾದ ಪುಸ್ತಕದ ಹಾಗೇ, ಬೆನ್ನು ಕೆರೆದು, ಅಂಟು ಹಾಕಿ."

"ಕರಡಿಗೆ ಬೈಂಡಿಂಗಾ? ತಲೆ ಕೆಟ್ಟಿದೆಯೇನೇ ನಿನಗೆ?"

"ಕೆಟ್ಟಿದೆ. ಊಟದ ಹೊತ್ತಿಗೆ ಬೇಕು."

ಊಟ ಮುಗಿಸಿ ಅವಳು ಪುಸ್ತಕದೊಂದಿಗೆ ಯಜಮಾನರ ಕೋಣೆಗೆ ಹೋದಳು. ಭಾವಮೈದ ಆಗಲೇ ಅಲ್ಲಿ ಕೂತು ದೂರು ಹೇಳುತ್ತಿದ್ದ. ಅವಳು ನಡುವಿನ ಒಂದು ಪುಟ ಬಿಡಿಸಿ ಮೇಜಿನ ಮೇಲಿಟ್ಟಳು.

"ಓದಿ ಸಾರ್. ಜೋರಾಗಿ."

ಯಜಮಾನರು ಕನ್ನಡಕ ಏರಿಸಿದರು. ಎಡಪುಟದ ಸಾಲು ಹಿಡಿದು ಓದತೊಡಗಿದವರು ಕೊನೆಯ ಪದಕ್ಕೆ ಬಂದಾಗ ಕತ್ತು ವಾಲಿಸಿದರು. ಮುಂದಿನ ಸಾಲಿಗೆ ಪುಟವನ್ನು ಹೆಬ್ಬೆರಳಿನಿಂದ ಒತ್ತಿದರು. ಬೆರಳು ತೆಗೆದೊಡನೆ ಪುಸ್ತಕ ಪಟ್ಟನೆ ಮುಚ್ಚಿಕೊಂಡಿತು. ಈ ಸಲ ಎರಡೂ ಕೈಯಿಂದ ಅಗಲಿಸಿದರು. ಬೆನ್ನು ಚಟಕ್ಕೆಂದಿತು, ಎರಡು ಹಾಳೆ ಕೈಗೇ ಬಂದವು.

"ಬೈಂಡಿಂಗ್ ಸರಿಯಿಲ್ಲ," ಎಂದ ಭಾವಮೈದ.

"ಬೈಂಡಿಂಗ್ ಮಾಡಿದ್ದು ಮಾವ. ಕೆಳಗೆ ಹೋಗಿ ಈ ಮಾತು ಅವರಿಗೆ ಹೇಳಿ ಬನ್ನಿ."

ಅವನು ಏಳಲಿಲ್ಲ.

"ಸರಿಯಮ್ಮಾ," ಎಂದರು ಯಜಮಾನರು, ಹರಿದ ಹಾಳೆಗಳನ್ನು ಜೋಡಿಸುತ್ತ. "ನೀವು ಹೇಳೋದು ನಿಜ ಅಂತಲೇ ಇಟ್ಕೊಳ್ಳೋಣ. ಹದಿಮೂರನೇ ಫಾರಮ್ಮಿಗೆ ಕಾಗದ ಎಲ್ಲಿಂದ ತರಲಿ? ನಿಮ್ಮ ಅಂಚಿನಿಂದ ಕತ್ತರಿಸಿಕೊಡ್ತೀರಾ?"

"ತರೋದೇ ಬೇಡ. ಹನ್ನೆರಡು ಸಾವಿರ ಹಾಳೆ ಇದೆ. ಹದಿಮೂರರಿಂದ ಭಾಗಿಸಿ. ಒಂಬೈನೂರ ಇಪ್ಪತ್ಮೂರು ಪ್ರತಿ ಬರುತ್ತೆ. ಎಪ್ಪತ್ತೇಳು ಪುಸ್ತಕ ಕಡಿಮೆ ಹಾಕಿ."

"ಎಷ್ಟು ಪ್ರತಿ ಹಾಕಬೇಕು ಅಂತ ನಿರ್ಧರಿಸೋದು ನಿಮ್ಮ ಕೆಲಸ ಅಲ್ಲ."

"ಅಲ್ಲ. ಅಂಚು ನನ್ನ ಕೆಲಸ. ಓದೋಕೆ ಬರದ ಸಾವಿರಕ್ಕೆ ನಾನು ಸಹಿ ಹಾಕಲ್ಲ. ಕುರ್ಚಿ ಬೇಕಿದ್ದರೆ ತಗೊಳ್ಳಿ, ಅದರ ಒಂದು ಕಾಲು ಹೇಗೂ ಅಲುಗುತ್ತೆ."

ಕೆಳಗೆ ಕಾಗದ ಕತ್ತರಿಸುವ ಯಂತ್ರ ಎರಡು ಸಲ ಗುದ್ದಿತು. ಯಜಮಾನರು ಭಾವಮೈದನ ಮುಖ ನೋಡಿದರು, ಅವನು ಚಾವಣಿ ನೋಡಿದ.

"ಹಾಳಾಗೋ ಹಾಳೆ ಕಳೆದರೆ ಒಂಬೈನೂರೇ ಸಿಗೋದು," ಎಂದರು ಕೊನೆಗೆ, ಹಲ್ಲು ಕಚ್ಚಿ. "ಒಂಬೈನೂರು ಹಾಕಿ. ಸಿಸ್ಟರಿಗೆ ನೀವೇ ಹೇಳಬೇಕು. ಮತ್ತೆ ಕೇಳಿಸ್ಕೊಳ್ಳಿ, ಮುಂದಿನ ಪುಸ್ತಕ ನಿಮ್ಮ ಕೈಗೆ ಕೊಡಲ್ಲ."

"ಮುಂದಿನದು ಬರಲಿ ಸಾರ್. ಅದರ ಜಗಳ ಆಗ ಆಡೋಣ."

ಹಾಗೆಂದು ಅವಳು ತನ್ನ ಮೇಜಿಗೆ ಬಂದು ಕೂತಳು. ಸಿಸ್ಟರಿಗೆ ಫೋನು ಮಾಡಿ, ನೂರು ಪ್ರತಿ ಕಡಿಮೆಯಾಯಿತು, ಕಾರಣ ನಾನೇ, ಎಂದು ನೇರವಾಗಿ ಹೇಳಿದಳು. ಆ ಕಡೆಯಿಂದ ಒಂದೇ ಪ್ರಶ್ನೆ, "ಓದೋಕೆ ಬರುತ್ತೇನಮ್ಮಾ?"

"ಬರುತ್ತೆ."

"ಹಾಗಿದ್ದರೆ ನೂರು ಹೋಗಲಿ ಬಿಡು."

ಭಾವಮೈದನ ಕಡತವನ್ನು ಅಳಿಸಿ, ತನ್ನದನ್ನು ತೆರೆದು, ಅವಳು ಹದಿಮೂರು ಫಾರಮ್ಮಿನ ಕರಡಿಗೆ ಪ್ರಿಂಟ್ ಕೊಟ್ಟಳು. ಮೊದಲ ಹಾಳೆ ಬಿಸಿಬಿಸಿಯಾಗಿ ಹೊರಬರುತ್ತಲೇ ಅದನ್ನೂ ಕಿಟಕಿಗೆ ಹಿಡಿದಳು. ತನ್ನ ಕೆಲಸ ಎಂದು ರಿಯಾಯಿತಿಯೇನಿಲ್ಲ.