ಲಾರಿ ಡ್ರೈವರುಗಳು ಹಕ್ಕಿ ಕೇಳಿದ್ದು

ಸುಳ್ಯದ ಶಾಲೆಯೊಂದರಲ್ಲಿ ನಾನು ವಿಜ್ಞಾನ ಟೀಚರು. ಬೆಳಿಗ್ಗೆ ಹಕ್ಕಿಗಳ ಕೂಗನ್ನು ಮೊಬೈಲಿನಲ್ಲಿ ಹಿಡಿದು, ಅದು ಯಾವ ಹಕ್ಕಿ, ಯಾಕೆ ಕೂಗುತ್ತದೆ ಎಂದು ನಾಲ್ಕು ಮಾತು ಸೇರಿಸಿ ಯೂಟ್ಯೂಬಿಗೆ ಹಾಕುತ್ತೇನೆ. ಮೂರು ವರ್ಷ ಹಾಕಿದರೂ ನೋಡುವವರು ಇನ್ನೂರು ಮುನ್ನೂರು ಮಂದಿಯನ್ನು ಮೀರಿರಲಿಲ್ಲ. ಅವರೂ ಹಕ್ಕಿಗಳನ್ನು ಮೊದಲೇ ಬಲ್ಲವರು.

ಒಮ್ಮೆ ನನ್ನ ಸ್ಕೂಟರು ಒಂದು ಥರ ಗೊರಗೊರ ಎನ್ನತೊಡಗಿತು. ಸಂಪಾಜೆ ದಾರಿಯ ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ನಲವತ್ತರ ಆಸುಪಾಸಿನವರು, ಕೆಲಸದವರ ಜೊತೆ ಬ್ಯಾರಿ ಭಾಷೆಯಲ್ಲಿ ಮಾತಾಡುತ್ತಿದ್ದರು. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಆನಿಸಿಕೊಂಡು ಕಣ್ಣು ಮುಚ್ಚಿದರು.

"ಬೇರಿಂಗ್ ಹೋಗ್ತಾ ಉಂಟು. ಇನ್ನೊಂದು ತಿಂಗಳು ಓಡಿಸಿದ್ರೆ ದಾರಿಯಲ್ಲಿ ನಿಲ್ತಿತ್ತು" ಎಂದರು.

ನಾನು ಹಕ್ಕಿಯ ಕೂಗಿಗೆ ಕಿವಿಗೊಡುವುದೂ ಹಾಗೆಯೇ. ಅದನ್ನು ಹೇಳಿದಾಗ ಅವರು ನಕ್ಕು, ತಮ್ಮದೂ ಒಂದು ಚಾನೆಲ್ ಇದೆ ಎಂದು ತೋರಿಸಿದರು. ಘಾಟಿಯಲ್ಲಿ ಕೆಟ್ಟು ನಿಂತ ಗಾಡಿಗಳ ರಿಪೇರಿಯ ವಿಡಿಯೋಗಳು. ಮಂಗಳೂರಿನಿಂದ ದುಬೈವರೆಗಿನ ಡ್ರೈವರುಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ನೋಡುತ್ತಿದ್ದರು.

ನನ್ನ ಹೆಸರು ಒಂದು ಸಲ ನಿಮ್ಮ ವಿಡಿಯೋದಲ್ಲಿ ಹೇಳುತ್ತೀರಾ ಎಂದು ಸಂಕೋಚದಿಂದ ಕೇಳಿದೆ. ಅವರು ಹೇಳಿದರು, ಲಿಂಕನ್ನೂ ಹಾಕಿದರು. ನಾನೂ ನನ್ನ ವಿಡಿಯೋದ ಕೊನೆಗೆ ಅವರ ಗ್ಯಾರೇಜಿನ ಬಗ್ಗೆ ಹೇಳಿದೆ. ಅವರ ಕಡೆಯಿಂದ ಹತ್ತೋ ಹನ್ನೆರಡೋ ಮಂದಿ ಬಂದರು. ನನ್ನ ಕಡೆಯಿಂದ ಹೋದವರು ಇಬ್ಬರು.

"ಬರೀ ಹೆಸರು ಹೇಳಿದ್ರೆ ಯಾರು ಬರ್ತಾರೆ ಟೀಚರೇ? ಅವರಿಗೆ ನೀವು ಯಾರಂತ ಗೊತ್ತಾಗ್ಬೇಕಲ್ಲ. ನೀವೇ ಇಲ್ಲಿಗೆ ಬನ್ನಿ" ಎಂದರು.

ಒಂದು ಆದಿತ್ಯವಾರ ಹೋದೆ. ಅವರು ಹಾಳಾದ ಇಂಜಿನ್ನುಗಳ ಸದ್ದು ಕೇಳಿಸಿ ನನ್ನಿಂದ ಉತ್ತರ ಕೇಳಿದರು. ನಾನು ಹಕ್ಕಿಗಳನ್ನು ಕೇಳಿಸಿ ಅವರನ್ನು ಕೇಳಿದೆ. ಕಂಚುಗಾರ ಹಕ್ಕಿಯ ಟುಕ್ ಟುಕ್ ಕೇಳಿ ಅವರು, "ಇದು ಇಂಜಿನ್ನಿನ ಟ್ಯಾಪೆಟ್ ಬಡಿಯುವ ಸದ್ದಲ್ವಾ?" ಎಂದರು. ಕ್ಯಾಮೆರಾ ಹಿಡಿದಿದ್ದ ಅವರ ಹೆಂಡತಿಗೆ ನಗು ತಡೆಯಲಾಗದೆ ಚಿತ್ರ ಅಲ್ಲಾಡಿದ್ದು ವಿಡಿಯೋದಲ್ಲೂ ಕಾಣುತ್ತದೆ. ಇಂಜಿನ್ನಿನ ಭಾಗ ಅವರ ಚಾನೆಲ್ಲಿಗೆ, ಹಕ್ಕಿಯ ಭಾಗ ನನ್ನದಕ್ಕೆ. ಎರಡನ್ನೂ ಒಂದೇ ಸಂಜೆ ಹಾಕಿದೆವು. ಅವರ ವಿಡಿಯೋ ಮುಗಿಯುವ ಹೊತ್ತಿಗೆ ನನ್ನದು ಪರದೆಯ ಮೇಲೆ ಬರುವಂತೆ ಮಾಡಿ, ಕಮೆಂಟುಗಳ ತಲೆಯ ಮೇಲೂ ಅದರ ಲಿಂಕನ್ನು ಪಿನ್ ಮಾಡಿದರು.

ಮರುದಿನ ಶಾಲೆಯ ಸ್ಟಾಫ್ ರೂಮಿನಲ್ಲಿ ಮೊಬೈಲು ತೆರೆದವಳು ಕುಳಿತೇ ಬಿಟ್ಟೆ. ನನ್ನ ಮೂರು ವರ್ಷಗಳ ಪ್ರೇಕ್ಷಕರಿಗಿಂತ ಹೆಚ್ಚು ಜನ ಒಂದೇ ರಾತ್ರಿಯಲ್ಲಿ ಬಂದಿದ್ದರು. ಅರ್ಧಕ್ಕಿಂತ ಹೆಚ್ಚಿನವರು ಅರೆನಿಮಿಷದಲ್ಲೇ ಎದ್ದು ಹೋಗಿದ್ದರು, ಅದೂ ಗ್ರಾಫಿನಲ್ಲಿ ಕಾಣುತ್ತಿತ್ತು. ನನ್ನ ಹಳೆಯ ನೋಡುಗರೊಬ್ಬರು, ಇಲ್ಲಿ ಇಂಜಿನ್ ಯಾಕೆ ಎಂದು ಬರೆದು ಚಾನೆಲ್ ಬಿಟ್ಟರು. ಆದರೆ ಉಳಿದ ಡ್ರೈವರುಗಳು ಸುಮ್ಮನೆ ಉಳಿಯಲಿಲ್ಲ. ಗಾಡಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಕೇಳಿದ್ದನ್ನೆಲ್ಲ ಹಿಡಿದು ಕಳಿಸತೊಡಗಿದರು. ಶಿರಾಡಿಯಿಂದ, ಕಡಬದ ರಬ್ಬರ್ ತೋಟದಿಂದ, ಒಮಾನಿನ ಒಂದು ಖರ್ಜೂರದ ತೋಪಿನಿಂದ. ಇಷ್ಟೊಂದು ಕಿವಿಗಳು ಎಲ್ಲಿದ್ದವು ಎಂದು ನನಗೆ ದಿಗಿಲಾಗುವಷ್ಟು.

ಮಡಿಕೇರಿ ಕಡೆಗೆ ಮರಳು ಸಾಗಿಸುವ ಡ್ರೈವರೊಬ್ಬರು ಮೆಕ್ಯಾನಿಕ್ಕಿಗೆ ಒಂದು ಸದ್ದು ಕಳಿಸಿದ್ದರು. ಘಾಟಿಯ ಒಂದು ತಿರುವಿನಲ್ಲಿ ಬೆಳಿಗ್ಗೆ ಬ್ರೇಕಿನ ಗಾಳಿ ಸೋರುವ ಹಾಗೆ ಕೇಳುತ್ತದೆ, ಇಳಿದು ನೋಡಿದರೆ ಎಂತದೂ ಇಲ್ಲ ಎಂದು. ಮೆಕ್ಯಾನಿಕ್ ಅದನ್ನು ನನಗೆ ಕಳಿಸಿದರು. "ಇದು ಗಾಡಿಯದ್ದಲ್ಲ ಟೀಚರೇ. ನಿಮ್ಮ ಇಲಾಖೆಯದ್ದಾ ಅಂತ."

ನನ್ನದೇ. ಆದರೆ ಬರೆದು ತಿಳಿಸಲು ಮನಸ್ಸಾಗಲಿಲ್ಲ. ಮುಂದಿನ ಆದಿತ್ಯವಾರ ಬೆಳಿಗ್ಗೆ ಮೆಕ್ಯಾನಿಕ್, ಆ ಡ್ರೈವರು, ನಾನು ಮೂವರೂ ಆ ತಿರುವಿಗೆ ಹೋದೆವು. ಲಾರಿಯನ್ನು ಬದಿಗೆ ಹಾಕಿ ಡ್ರೈವರು ಬೀಡಿಯನ್ನೂ ಹಚ್ಚದೆ ನಿಂತರು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಕಣಿವೆಯ ಕಡೆಯಿಂದ ಆ ಸದ್ದು ಬಂತು, ಉಸ್... ಉಸ್... ಉಸ್. ಮರಗಳ ಮೇಲಿನಿಂದ ಎರಡು ದೊಡ್ಡ ಮಂಗಟ್ಟೆ ಹಕ್ಕಿಗಳು, ಹಳದಿ ಕೊಕ್ಕು ಮುಂದೆ ಚಾಚಿ, ನಮ್ಮ ತಲೆಯ ಮೇಲೆಯೇ ದಾಟಿದವು. ಆ ಸದ್ದು ಅವುಗಳ ರೆಕ್ಕೆಯದು.

ಡ್ರೈವರು ತಲೆಗೆ ಕಟ್ಟಿದ್ದ ಬೈರಾಸು ಬಿಚ್ಚಿ ಕೈಯಲ್ಲಿ ಹಿಡಿದರು. "ಹನ್ನೊಂದು ವರ್ಷ ಇದೇ ದಾರಿ" ಎಂದರು. "ನಾನು ಒಂದು ದಿನವೂ ಮೇಲೆ ನೋಡ್ಲಿಲ್ಲ."

ಮೆಕ್ಯಾನಿಕ್ ಕೈಯಲ್ಲಿ ಮೊಬೈಲು ರೆಕಾರ್ಡ್ ಮಾಡುತ್ತಲೇ ಇತ್ತು, ಆದರೆ ಹಿಡಿದದ್ದು ರಸ್ತೆಯನ್ನು. ಹಕ್ಕಿಯ ಚಿತ್ರವಿಲ್ಲದ ಆ ಸದ್ದನ್ನೇ ಇಬ್ಬರೂ ಸೇರಿ ಹಾಕಿದೆವು. ಅದನ್ನು ಕೇಳಿದವರಷ್ಟು ಜನ ನನ್ನ ಬೇರೆ ಯಾವ ವಿಡಿಯೋವನ್ನೂ ಈವರೆಗೆ ನೋಡಿಲ್ಲ.