ಸ್ಲೈಡಿನಲ್ಲಿ ಜರುಗಿದ ಕಾಂಪೌಂಡು

ಓರೆಕೋರೆ ಕಂಡರೆ ನನಗೆ ಮೈ ಉರಿಯುತ್ತದೆ. ಯಾರ ಮನೆಗೆ ಹೋದರೂ ಗೋಡೆಯ ಮೇಲಿನ ಫೋಟೋ ನೇರ ಮಾಡಿದ ಮೇಲೆಯೇ ಕಾಫಿ ಲೋಟಕ್ಕೆ ಕೈ ಹಾಕುವವಳು ನಾನು. ಆರ್.ಟಿ. ನಗರದಲ್ಲಿ ಮದುವೆ ಕಾರ್ಡಿನ ಅಂಗಡಿಯಲ್ಲಿ ಡಿಟಿಪಿ ಮಾಡುತ್ತಿದ್ದಾಗ ಇದನ್ನು ಒಳ್ಳೆಯ ಗುಣ ಅನ್ನುತ್ತಿದ್ದರು. ಕೊಡಿಗೇಹಳ್ಳಿಯ ಬಿಲ್ಡರ್ ಆಫೀಸಿಗೆ ಸೇರಿದ ಮೇಲೆ ಅದೇ ರೋಗ ಅನ್ನಿಸಿಕೊಂಡಿತು.

ಆಗ ಏರ್‌ಪೋರ್ಟ್ ಬಂದು ಕೆಲವು ವರ್ಷಗಳಾಗಿದ್ದವು. ನಮ್ಮ ಆಫೀಸಿನ ಯಜಮಾನರದು ಅಲ್ಲೇ ರಾಗಿ, ಸೊಪ್ಪು ಬೆಳೆಯುತ್ತಿದ್ದ ಮನೆತನ. ಈಗ ಅದೇ ನೆಲದಲ್ಲಿ ಅಪಾರ್ಟ್‌ಮೆಂಟ್ ಬೆಳೆಯುತ್ತಿದ್ದರು, ಇಳುವರಿಯೂ ಚೆನ್ನಾಗಿತ್ತು. ಹತ್ತಿರದ ಸಿಂಗಾಪುರ ಎಂಬ ಹಳ್ಳಿಯಲ್ಲಿ ಅವರ ಸೋದರತ್ತೆಗೆ ಒಂದು ತೋಟವಿತ್ತು. ಅತ್ತೆ ಜಾಗ ಕೊಡುವುದು, ಇವರು ಕಟ್ಟುವುದು, ಮನೆಗಳನ್ನು ಇಬ್ಬರೂ ಹಂಚಿಕೊಳ್ಳುವುದು ಎಂದು ಮಾತಾಗಿತ್ತು. ಅತ್ತೆಯದು ಒಂದೇ ಷರತ್ತು. ತೋಟದ ಪೂರ್ವದ ಮೂಲೆಯಲ್ಲಿ ಅವರ ಗಂಡನ ಸಮಾಧಿಯಿದೆ, ಆ ಮೂಲೆ ಕಾಂಪೌಂಡಿನ ಆಚೆಗೆ ತಮ್ಮ ಪಾಲಿಗೇ ಉಳಿಯಬೇಕು. ಯಜಮಾನರು ಆಗಲಿ ಅಂದಿದ್ದರು. ಇನ್ನು ಸೈನ್ ಒಂದು ಬಾಕಿ. ಅದಕ್ಕೆ ಮೊದಲು ಎಲ್ಲವನ್ನೂ ಪ್ರೊಜೆಕ್ಟರಿನಲ್ಲಿ ಗೋಡೆಯ ಮೇಲೆ ಬಿಟ್ಟು ತೋರಿಸಬೇಕೆಂದು ಅತ್ತೆಯ ಮಕ್ಕಳು ಹಟ ಹಿಡಿದಿದ್ದರಿಂದ ಪಿಪಿಟಿ ಮಾಡುವ ಕೆಲಸ ನನ್ನ ತಲೆಗೆ ಬಂತು.

ನಮ್ಮ ಆಫೀಸಿನ ಪಿಪಿಟಿ ಎಂದರೆ ದಾರಿಬದಿಯ ಅರಳಿಕಟ್ಟೆ. ಹೋಗುವವರು ಬರುವವರೆಲ್ಲ ಒಂದು ಕೈ ಆಡಿಸುತ್ತಿದ್ದರು. ಯಜಮಾನರಿಗೆ ತಲೆಬರಹ ಸ್ವಲ್ಪ ಮೇಲಕ್ಕಿದ್ದರೆ ಎದ್ದು ಕಾಣುತ್ತದೆ ಅನ್ನಿಸುವುದು, ಮೌಸ್ ಹಿಡಿದು ಎಳೆಯುವರು. ಮಾರ್ಕೆಟಿಂಗ್ ನೋಡಿಕೊಳ್ಳುತ್ತಿದ್ದ ಅವರ ಬಾಮೈದನಿಗೆ ಅದು ಎಡಕ್ಕೆ ಬೇಕು. ಕಟ್ಟಡಕ್ಕೆ ವಾಸ್ತು ನೋಡಲು ಬರುತ್ತಿದ್ದವರೊಬ್ಬರು ಕಾಫಿ ಬರುವ ತನಕ ಸುಮ್ಮನಿರಲಾರದೆ ನನ್ನ ಸ್ಲೈಡಿಗೂ ವಾಸ್ತು ನೋಡಿದರು. ಲೋಗೋ ಈಶಾನ್ಯದಲ್ಲಿರಬೇಕಂತೆ, ನಕ್ಷೆಯ ಭಾರ ನೈರುತ್ಯಕ್ಕೆ ಬರಬೇಕಂತೆ. ಇವರೆಲ್ಲ ಎಳೆದಾಡಿದ್ದು ತಲಾ ಒಂದೊಂದು ಸ್ಲೈಡನ್ನು ಮಾತ್ರ. ಹೀಗಾಗಿ ಒಂದರಿಂದ ಇನ್ನೊಂದಕ್ಕೆ ಹೋದರೆ ತಲೆಬರಹ ಕಪ್ಪೆಯಂತೆ ಕುಪ್ಪಳಿಸುತ್ತಿತ್ತು. ನಾನು ಹೇಳಿದರೆ, ಇಷ್ಟು ಚಿಕ್ಕದು ಯಾರ ಕಣ್ಣಿಗೆ ಬೀಳುತ್ತದೆ ಅನ್ನುತ್ತಿದ್ದರು.

ಬಿತ್ತು. ಅತ್ತೆಯ ಮನೆಯ ಹಾಲಿನಲ್ಲಿ ಕ್ಯಾಲೆಂಡರ್ ತೆಗೆಸಿ ಗೋಡೆಗೆ ಪ್ರೊಜೆಕ್ಟರ್ ಬಿಟ್ಟೆವು. ಮೊದಲ ಸ್ಲೈಡಿನಲ್ಲಿ ಸಮಾಧಿಯ ಮೂಲೆ ಬಿಟ್ಟು ಕಾಂಪೌಂಡಿನ ಗೆರೆ ಹಾಕಿದ ಸರ್ವೆ ನಕ್ಷೆ, ಎರಡನೆಯದರಲ್ಲಿ ಕಟ್ಟಡಗಳು, ಮೂರನೆಯದರಲ್ಲಿ ಗಿಡ, ದಾರಿ, ಕಾಂಪೌಂಡು ಎಲ್ಲ ಬಣ್ಣದಲ್ಲಿ. ತಲೆಬರಹದ ಗೋಜಿಗೆ ಅತ್ತೆ ಹೋಗಲೇ ಇಲ್ಲ. ಗಡಿಯ ಬಾಂದುಕಲ್ಲು ರಾತ್ರೋರಾತ್ರಿ ಜರುಗಿತೆಂದು ದಾಯಾದಿಗಳು ಮಾತು ಬಿಟ್ಟಿದ್ದನ್ನು ಕಂಡ ಹೆಂಗಸು. ನಕ್ಷೆಯ ಅಂಚನ್ನೇ ನೋಡುತ್ತ ಕೂತಿದ್ದವರು, ಹಿಂದಕ್ಕೆ ಹೋಗು ತಾಯಿ, ಈಗ ಮುಂದಕ್ಕೆ ಬಾ ಎಂದು ನನ್ನನ್ನು ಹಿಂದೆ ಮುಂದೆ ಆಡಿಸಿದರು. ಪ್ರತಿ ಸಲವೂ ತೋಟಕ್ಕೆ ತೋಟವೇ ಅಲ್ಲಾಡಿತು.

"ಕಲ್ ಕಿತ್ತು ಅತ್ಲಾಗ್ ನೆಟ್ಟಂಗೈತಲ್ಲಪ್ಪ," ಅಂದರು.

ಯಜಮಾನರು ನಕ್ಕು, ಇದು ಕಂಪ್ಯೂಟರ್ ಪ್ರಾಬ್ಲಂ ಎಂದು ಸಮಾಧಾನ ಹೇಳಿದರು. ಬಾವಿಯೂ ಜರುಗುತ್ತಿತ್ತು, ಮುಂದಿನ ರಸ್ತೆಯೂ ಜರುಗುತ್ತಿತ್ತು, ಬಾವಿಯನ್ನು ಯಾರು ಕದಿಯುತ್ತಾರೆ? ಅತ್ತೆಗೂ ಆ ಮಾತು ಒಪ್ಪಿಗೆಯಾಯಿತು. ಹಾಗಾದರೆ ರಿಪೇರಿ ಮಾಡಿಸಿಕೊಂಡು ಬಾ, ಅದು ಅಲ್ಲಾಡದೆ ನಿಂತ ದಿನ ಸೈನ್ ಹಾಕುತ್ತೇನೆ ಅಂದರು.

ಮಾರನೆಯ ದಿನ ಯಜಮಾನರು ನನ್ನನ್ನು ಕರೆದು, ಒಂದು ಕೂದಲೆಳೆ ಕೂಡ ಅಲ್ಲಾಡಬಾರದು, ಯಾರೂ ಮೌಸ್ ಮುಟ್ಟಬಾರದು ಎಂದು ಅಪ್ಪಣೆ ಕೊಟ್ಟರು. ಈ ಮಾತಿಗಾಗಿ ನಾನು ಚಾತಕಪಕ್ಷಿಯ ಹಾಗೆ ಕಾದಿದ್ದೆ. ವಾಸ್ತುವಿನವರು ಬಂದರೆ ಕಾಫಿಯನ್ನು ಹೊರಗೇ ಕೊಡಿಸಿದೆ.

ಮೊದಲು ಬಾಮೈದ ತನಗೆ ತಿಳಿದ ದಾರಿ ತೋರಿಸಲು ಬಂದ. ಎಲ್ಲವನ್ನೂ ಸೆಲೆಕ್ಟ್ ಮಾಡಿ ಅಲೈನ್ ಲೆಫ್ಟ್ ಒತ್ತಿದರೆ ಮುಗಿಯಿತಲ್ಲ ಎಂದು ಒತ್ತಿಯೂ ಬಿಟ್ಟ. ಆ ಸ್ಲೈಡಿನ ತಲೆಬರಹ, ಲೋಗೋ, ನಕ್ಷೆ ಮೂರೂ ಎಡಗಡೆಗೆ ಓಡಿಹೋಗಿ ಒಂದರ ಮೇಲೊಂದು ಬಿದ್ದುಕೊಂಡವು. ಅಲೈನ್ ಅನ್ನುವುದು ಒಂದೇ ಸ್ಲೈಡಿನ ಒಳಗಿನ ಸಾಲನ್ನು ಸರಿಮಾಡುತ್ತದೆ, ಪಕ್ಕದ ಸ್ಲೈಡಿನಲ್ಲಿ ಏನಿದೆಯೆಂದು ಅದಕ್ಕೆ ಗೊತ್ತಿಲ್ಲ ಎಂದು ವಿವರಿಸಿ ಅವನನ್ನು ಕಳಿಸಿದೆ. ಆಮೇಲೆ ಎಲ್ಲ ಸ್ಲೈಡಿಗೂ ಅಚ್ಚಿನಂತಿರುವ ಸ್ಲೈಡ್ ಮಾಸ್ಟರಿಗೆ ಹೋಗಿ ಒಂದು ಹೊಸ ಲೇಔಟ್ ಮಾಡಿದೆ. ಗೈಡ್ ಗೆರೆಗಳನ್ನು ಎಳೆದುಕೊಂಡು ತಲೆಬರಹಕ್ಕೆ ಒಂದು ಜಾಗ, ಚಿತ್ರಕ್ಕೆ ಒಂದು ಚೌಕ ಗೊತ್ತುಮಾಡಿದೆ. ಲೋಗೋವನ್ನು ಲೇಔಟಿಗೇ ಅಂಟಿಸಿದೆ, ಇನ್ನು ಸ್ಲೈಡಿನಲ್ಲಿ ಯಾರು ಎಳೆದರೂ ಅದು ಬರುವುದಿಲ್ಲ. ಎಲ್ಲ ಸ್ಲೈಡಿಗೂ ಆ ಲೇಔಟ್ ಕೊಟ್ಟು ರೀಸೆಟ್ ಒತ್ತಿದಾಗ, ಅಡ್ಡಾಡುತ್ತಿದ್ದ ತಲೆಬರಹಗಳು ಮೇಷ್ಟ್ರನ್ನು ಕಂಡ ಮಕ್ಕಳಂತೆ ತಂತಮ್ಮ ಜಾಗಕ್ಕೆ ಬಂದು ಕೂತವು. ನಕ್ಷೆಗಳದು ಬೇರೆ ತಕರಾರು, ಒಂದೊಂದನ್ನು ಒಂದೊಂದು ಥರ ಕತ್ತರಿಸಿದ್ದರು. ಆರ್ಕಿಟೆಕ್ಟಿಗೆ ಫೋನ್ ಮಾಡಿ, ಮೂರನ್ನೂ ಒಂದೇ ಅಳತೆಯ ಚೌಕಟ್ಟಿನಲ್ಲಿ, ಒಂದೇ ಸ್ಕೇಲಿನಲ್ಲಿ ಹೊಸದಾಗಿ ತರಿಸಿಕೊಂಡು ಚೌಕದೊಳಗೆ ಇಳಿಸಿದೆ.

ಮುಂದೆ ಹಿಂದೆ ಓಡಿಸಿ ನೋಡಿದೆ. ನಾನು ನೋಡಿದ್ದು ಚೌಕದ ನಾಲ್ಕು ಮೂಲೆ ಮತ್ತು ತಲೆಬರಹ. ನಕ್ಷೆಯ ಒಳಗೆ ಏನಿದೆ ಅನ್ನುವುದು ಆರ್ಕಿಟೆಕ್ಟರ ಕೆಲಸ. ಯಜಮಾನರಂತೂ ಮೊದಲ ಸ್ಲೈಡ್ ನೋಡಿ, ಬಣ್ಣ ಚೆನ್ನಾಗಿದೆ ಎಂದು ಎದ್ದುಹೋದರು. ನನ್ನ ಸಂತೋಷ ಹೇಳತೀರದು.

ಎರಡನೆಯ ಸಲ ಅದೇ ಹಾಲು, ಅದೇ ಗೋಡೆ. ಯಜಮಾನರು ಅಗ್ರಿಮೆಂಟಿನ ಜೊತೆ ಒಂದು ಕೇಜಿ ಮೈಸೂರು ಪಾಕನ್ನೂ ತಂದಿದ್ದರು. ಅತ್ತೆ ಕನ್ನಡಕ ಹಾಕಿಕೊಂಡು ಕೂತರು. ನಾನು ಒಂದನೆಯದರಿಂದ ಎರಡನೆಯದಕ್ಕೆ ಹೋದೆ. ತಲೆಬರಹ ನಿಂತಿತು, ಲೋಗೋ ನಿಂತಿತು, ಬಾವಿ, ರಸ್ತೆ, ಗೇಟು ಎಲ್ಲ ಕಲ್ಲಿನ ಹಾಗೆ ನಿಂತವು. ಅತ್ತೆ ತಲೆದೂಗಿದರು. ಮೂರನೆಯದಕ್ಕೆ ಹೋದೆ.

ಎಲ್ಲವೂ ನಿಂತೇ ಇತ್ತು. ಕಾಂಪೌಂಡಿನ ಪೂರ್ವದ ಗೆರೆ ಒಂದು ಮಾತ್ರ ಆಚೆಗೆ ಹಾರಿತು.

ಅತ್ತೆ ಹಿಂದಕ್ಕೆ ಎಂದು ಬೆರಳಾಡಿಸಿದರು. ಗೆರೆ ಈಚೆಗೆ ಬಂತು. ಮುಂದಕ್ಕೆ, ಆಚೆಗೆ ಹೋಯಿತು. ಹೋದಾಗಲೆಲ್ಲ ಸಮಾಧಿಯ ಪುಟ್ಟ ಚೌಕ ಮಾಯವಾಗಿ ಅಲ್ಲಿ ಬಣ್ಣಬಣ್ಣದ ಮೂರು ಕಾರು ಕಾಣುತ್ತಿದ್ದವು. ಹಿಂದಿನ ಸಲ ತೋಟವೆಲ್ಲ ಕುಣಿಯುತ್ತಿದ್ದುದರಿಂದ ಈ ಒಂದು ಗೆರೆಯ ಕುಣಿತ ಅದರಲ್ಲಿ ಸೇರಿಹೋಗಿತ್ತು. ಈಗ ಮಿಕ್ಕಿದ್ದನ್ನೆಲ್ಲ ನಾನೇ ಹಿಡಿದು ನಿಲ್ಲಿಸಿದ್ದೆ.

"ಇದೂ ಕಂಪ್ಯೂಟರ್ ಪ್ರಾಬ್ಲಂ ಅತ್ತೆ," ಅಂದರು ಯಜಮಾನರು. ನನ್ನ ಕಡೆ ತಿರುಗಿ, "ಅಲ್ವಾ ಮೇಡಂ?" ಅಂದರು.

ಹೌದು ಅಂದಿದ್ದರೆ ನನ್ನ ಕೆಲಸ ಉಳಿಯುತ್ತಿತ್ತು. ಸತ್ಯಹರಿಶ್ಚಂದ್ರನ ವಂಶದವಳೇನಲ್ಲ ನಾನು. ಆದರೆ ಅಷ್ಟು ಜನರ ಎದುರು ನನ್ನ ಅಲೈನ್‌ಮೆಂಟಿಗೆ ಕೆಟ್ಟ ಹೆಸರು ಬರುವುದನ್ನು ತಡೆದುಕೊಳ್ಳಲು ಆಗಲಿಲ್ಲ.

"ಇಲ್ಲ ಸಾರ್, ನಾನ್ ಕೂರ್ಸಿರೋದೆಲ್ಲಾ ಕರೆಕ್ಟಾಗೇ ಕೂತಿದೆ. ಆ ಗೆರೆ ಡ್ರಾಯಿಂಗಲ್ಲೇ ಹಂಗೆ ಬಂದಿದೆ," ಅಂದೆ.

ಅತ್ತೆ ಮಂಡಿಗೆ ಕೈಕೊಟ್ಟು ಎದ್ದು ಗೋಡೆಯ ಹತ್ತಿರ ಹೋದರು. ಆ ಮೂರು ಕಾರು ನಿಂತಿದ್ದ ಕಡೆ ಅಂಗೈ ಊರಿದರು. ಕಾರುಗಳು ಗೋಡೆ ಬಿಟ್ಟು ಅವರ ಕೈಮೇಲೆ ಬಂದವು.

"ಇಲ್ಲಿ ನಿಮ್ ಮಾವ ಮಲಗವ್ರೆ," ಅಂದರು. "ಅವರ್ ಎದೆ ಮ್ಯಾಲೆ ಗಾಡಿ ನಿಲ್ಲುಸ್ತೀಯೇನಪ್ಪ?"

ಅತ್ತೆ ಕೈ ತೆಗೆಯಲಿಲ್ಲ. ಯಜಮಾನರು ಸೈನ್ ಆಗದ ಕಾಗದವನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡರು.